ಬಿಸಿಲಿಗಿಟ್ಟ ತಗಡು ಎಷ್ಟು ಕಾಯುತ್ತದೆ? ಲೆಕ್ಕ ಹಾಕಿ, ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ಎರಡು ತಗಡು ತಗೊಳ್ಳಿ. ಒಂದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿದೆ. ಇನ್ನೊಂದು ಅಂಗಡಿಯಿಂದ ಈಗಷ್ಟೇ ತಂದ, ಫಳಫಳ ಹೊಳೆಯುವ ಜಿಐ ತಗಡು. ಎರಡನ್ನೂ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಅಕ್ಕಪಕ್ಕ ಇಟ್ಟರೆ ಯಾವುದು ಹೆಚ್ಚು ಸುಡುತ್ತದೆ? ಯಾರನ್ನೇ ಕೇಳಿ, ಕಪ್ಪು ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಹೊಳೆಯುವ ತಗಡಿನ ಮೇಲೆ ಬೆರಳಿಟ್ಟು ಚುರ್ ಅನ್ನಿಸಿಕೊಳ್ಳುವವರೆಗೆ.

ಯಾಕೆ ಹಾಗಾಯಿತು ಅನ್ನುವುದು ಕ್ಯಾಲ್ಕುಲೇಟರ್ ಹಿಡಿದು ಅರ್ಧ ಗಂಟೆ ಕೂತರೆ ತಿಳಿಯುತ್ತದೆ. ಲೆಕ್ಕ ಮೊದಲು, ಅಳತೆ ಆಮೇಲೆ. ಅಳತೆ ಮೊದಲು ಮಾಡಿದರೆ ಬಂದ ಅಂಕಿಗೆ ತಕ್ಕ ಹಾಗೆ ಲೆಕ್ಕವನ್ನು ಬಗ್ಗಿಸುವ ಚಪಲ ಎಲ್ಲರಿಗೂ ಇರುತ್ತದೆ.

ಹಂತ 1: ನಾಲ್ಕನೇ ಘಾತದ ನಿಯಮವನ್ನು ಕಾವಲಿಯ ಮೇಲೆ ನೋಡುವುದು

ಬಿಸಿಯಾದ ಯಾವುದೇ ಮೇಲ್ಮೈ ಸುಮ್ಮನೆ ಕೂತಿದ್ದರೂ ಶಾಖವನ್ನು ವಿಕಿರಣವಾಗಿ ಹೊರಗೆ ಚೆಲ್ಲುತ್ತಲೇ ಇರುತ್ತದೆ. ಒಂದು ಚದರ ಮೀಟರಿಗೆ ಎಷ್ಟು ವಾಟ್ ಅನ್ನುವುದಕ್ಕೆ ಸೂತ್ರ ಇದು:

q = ε σ T⁴

T ಕೆಲ್ವಿನ್‌ನಲ್ಲಿ ಇರಬೇಕು, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿದ ಅಂಕಿ. σ ಒಂದು ಸ್ಥಿರಾಂಕ, 5.67 × 10⁻⁸. ε ಅನ್ನುವುದು ಆ ಮೇಲ್ಮೈ ಶಾಖ ಬಿಟ್ಟುಕೊಡುವುದರಲ್ಲಿ ಎಷ್ಟು ಧಾರಾಳಿ ಎಂದು ಹೇಳುವ ಗುಣಾಂಕ. ಅದು 0 ಮತ್ತು 1ರ ನಡುವೆ ಇರುತ್ತದೆ. ಬಣ್ಣ ಬಳಿದದ್ದು, ಕಾಗದ, ಮರ, ಗಾರೆ, ಚರ್ಮ ಎಲ್ಲ 0.9ರ ಆಸುಪಾಸು. ಹೊಳೆಯುವ ಲೋಹ ಮಾತ್ರ ಜಿಪುಣ, 0.05ರಿಂದ 0.2ರವರೆಗೆ.

ಈ ನಾಲ್ಕನೇ ಘಾತವನ್ನು 1879ರಲ್ಲಿ ಹಿಡಿದವರು ವಿಯೆನ್ನಾದ ಜೋಸೆಫ್ ಸ್ಟೆಫಾನ್. ಜಾನ್ ಟಿಂಡಾಲ್ ಕಾಯಿಸಿದ್ದ ಪ್ಲಾಟಿನಂ ತಂತಿಯ ಅಳತೆ ಅವರ ಕೈಯಲ್ಲಿತ್ತು: ತಂತಿ ಮಂಕು ಕೆಂಪಿನಿಂದ (525 ಡಿಗ್ರಿ) ಬೆಳ್ಳಗೆ ಉರಿಯುವಷ್ಟು (1200 ಡಿಗ್ರಿ) ಕಾದಾಗ ವಿಕಿರಣ 11.7 ಪಟ್ಟು ಏರಿತ್ತು. ಕೆಲ್ವಿನ್‌ನಲ್ಲಿ ಇವು 798 ಮತ್ತು 1473. ಭಾಗಿಸಿ ನಾಲ್ಕನೇ ಘಾತಕ್ಕೆ ಏರಿಸಿದರೆ 11.6 ಬರುತ್ತದೆ. ಪ್ಲಾಟಿನಂನ ε ಬಿಸಿ ಏರಿದಂತೆ ತಾನೂ ಏರುವುದರಿಂದ ಇಷ್ಟು ಚೆನ್ನಾಗಿ ಕೂಡಿಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ನಿಯಮ ಸರಿಯಾಗಿತ್ತು. 1884ರಲ್ಲಿ ಅವರ ಶಿಷ್ಯ ಬೋಲ್ಟ್ಸ್‌ಮನ್ ಅದನ್ನು ಸಿದ್ಧಾಂತದಿಂದಲೇ ಸಾಧಿಸಿದರು.

ಈಗ ಅಡುಗೆಮನೆಗೆ ಬನ್ನಿ. ಮೂವತ್ತು ಸೆಂಟಿಮೀಟರ್ ಅಗಲದ ಪಳಗಿದ ಕಬ್ಬಿಣದ ದೋಸೆ ಕಾವಲಿ, ε = 0.9, ಮೇಲ್ಮೈ ವಿಸ್ತೀರ್ಣ 0.0707 ಚದರ ಮೀಟರ್. ಸುತ್ತಲಿನ ಗೋಡೆ, ಸೂರು 30 ಡಿಗ್ರಿಯಲ್ಲಿವೆ. ಅವೂ ಕಾವಲಿಯ ಕಡೆಗೆ ವಿಕಿರಣ ಕಳಿಸುತ್ತವೆ, ಹಾಗಾಗಿ ನಮಗೆ ಬೇಕಾದ್ದು ಎರಡರ ವ್ಯತ್ಯಾಸ:

q = ε σ (T⁴ − T₀⁴)

ಕಾವಲಿ 100 ಡಿಗ್ರಿಯಲ್ಲಿದ್ದರೆ 373⁴ರಿಂದ 303⁴ ಕಳೆಯಬೇಕು. ಚದರ ಮೀಟರಿಗೆ 558 ವಾಟ್, ಕಾವಲಿಯ ಮೇಲ್ಮೈಯಿಂದ ಸುಮಾರು 39 ವಾಟ್. ದೋಸೆ ಹುಯ್ಯುವ ಹದ, 200 ಡಿಗ್ರಿಗೆ ಬಂದಾಗ ಚದರ ಮೀಟರಿಗೆ 2124 ವಾಟ್, ಕಾವಲಿಯಿಂದ 150 ವಾಟ್. ಕೋಣೆಗಿಂತ ಕಾವಲಿ ಎಷ್ಟು ಬಿಸಿ ಅನ್ನುವ ಅಂತರ 70ರಿಂದ 170ಕ್ಕೆ ಹೋಯಿತು, ಅಂದರೆ ಎರಡೂವರೆ ಪಟ್ಟಿಗೂ ಕಡಿಮೆ. ನಷ್ಟ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ಒಂದು, ಸೆಲ್ಸಿಯಸ್ ಅಂಕಿಯನ್ನೇ ಘಾತಕ್ಕೆ ಏರಿಸುವುದು. ಇನ್ನೊಂದು, ಮೊದಲು ಕಳೆದು ಆಮೇಲೆ ಘಾತಕ್ಕೆ ಏರಿಸುವುದು. (T − T₀)⁴ ಬೇರೆ, T⁴ − T₀⁴ ಬೇರೆ. ಈ ತಪ್ಪು ಆಗಿದ್ದರೆ ಉತ್ತರವೇ ಹೇಳಿಬಿಡುತ್ತದೆ: ನೂರಾರು ವಾಟ್ ಬರಬೇಕಾದಲ್ಲಿ ಒಂದೋ ಎರಡೋ ವಾಟ್ ಬಂದಿರುತ್ತದೆ.

ಹಂತ 2: ಗಾಳಿಯಿಲ್ಲದ ಕಡೆ ತಗಡು ಇಟ್ಟು ಸಮತೋಲನ ಕಾಣುವುದು

ಬಿಸಿಲಲ್ಲಿಟ್ಟ ತಗಡು ಮೊದಲು ಪಡೆಯುವುದು ಹೆಚ್ಚು, ಕಳೆಯುವುದು ಕಡಿಮೆ. ಅದಕ್ಕೇ ಕಾಯುತ್ತಾ ಹೋಗುತ್ತದೆ. ಕಾದಷ್ಟೂ ನಷ್ಟ ಜೋರಾಗುತ್ತದೆ. ಜಮೆ ಮತ್ತು ಖರ್ಚು ಸಮನಾದ ಉಷ್ಣತೆಯಲ್ಲಿ ತಗಡು ನಿಂತುಬಿಡುತ್ತದೆ. ಅದೇ ಸಮತೋಲನ ಉಷ್ಣತೆ.

ಸುಲಭದ ಪ್ರಕರಣ ಬಾಹ್ಯಾಕಾಶದ್ದು. ಭೂಮಿಯಷ್ಟು ದೂರದಲ್ಲಿ ಸೂರ್ಯನಿಂದ ಬರುವುದು ಚದರ ಮೀಟರಿಗೆ 1361 ವಾಟ್. ಪೂರ್ತಿ ಕಪ್ಪಾದ, ಬೆನ್ನಿಗೆ ದಪ್ಪ ಹೊದಿಕೆಯಿರುವ ತಗಡು ಸೂರ್ಯನಿಗೆ ಎದುರಾಗಿ ನಿಂತರೆ 1361 = σT⁴. ಕ್ಯಾಲ್ಕುಲೇಟರಿನಲ್ಲಿ 1361ನ್ನು 5.67 × 10⁻⁸ರಿಂದ ಭಾಗಿಸಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: 394 ಕೆಲ್ವಿನ್, ಅಂದರೆ 121 ಡಿಗ್ರಿ. ಗಾಳಿಯೇ ಇಲ್ಲದ ಚಂದ್ರನ ಸಮಭಾಜಕದಲ್ಲಿ ನಡುಹಗಲು ನೆಲ 120 ಡಿಗ್ರಿಯ ಆಸುಪಾಸು ಕಾಯುವುದು ಇದೇ ಲೆಕ್ಕಕ್ಕೆ.

ಬೆನ್ನಿನ ಹೊದಿಕೆ ತೆಗೆದು ಎರಡೂ ಮುಖದಿಂದ ಶಾಖ ಹೋಗಲು ಬಿಟ್ಟರೆ T⁴ ಅರ್ಧವಾಗುತ್ತದೆ. ಆದರೆ T ಅರ್ಧವಾಗುವುದಿಲ್ಲ, 331 ಕೆಲ್ವಿನ್‌ಗೆ (58 ಡಿಗ್ರಿ) ಇಳಿಯುತ್ತದೆ ಅಷ್ಟೇ. ತಿರುಗಿಸಿ ನೋಡಿದರೂ ಹಾಗೇ: ಬಿಸಿಲನ್ನು ಎರಡು ಪಟ್ಟು ಮಾಡಿದರೆ ಕೆಲ್ವಿನ್ ಅಂಕಿ ಏರುವುದು ನೂರಕ್ಕೆ 19 ಮಾತ್ರ. ಬಿಸಿಲಿನ ಅಂದಾಜಿನಲ್ಲಿ ಸ್ವಲ್ಪ ಎಡವಿದರೂ ಉತ್ತರ ಕೈಕೊಡದಿರುವುದು ಈ ಗುಣದಿಂದ.

ಹಂತ 3: ನೆಲಕ್ಕೆ ಇಳಿಸಿ, ಅಂಕಿಗಳನ್ನು ಗೊತ್ತುಮಾಡಿಕೊಳ್ಳುವುದು

ತಾರಸಿಯ ಮೇಲೆ ಇನ್ನೂ ಎರಡು ಸಂಗತಿ ಸೇರುತ್ತವೆ: ಗಾಳಿ ಮತ್ತು ಆಕಾಶ. ಜಮಾಖರ್ಚಿನ ಸಾಲು ಹೀಗಾಗುತ್ತದೆ:

α G = ε σ (T⁴ − Ts⁴) + h (T − Ta)

ಎಡಗಡೆ ಜಮೆ. G ಬೀಳುವ ಬಿಸಿಲು, α ಅದರಲ್ಲಿ ತಗಡು ಹೀರುವ ಭಾಗ. ಬಲಗಡೆ ಮೊದಲನೆಯದು ಆಕಾಶಕ್ಕೆ ಹೋಗುವ ವಿಕಿರಣ, ಎರಡನೆಯದು ಗಾಳಿ ಹೊತ್ತೊಯ್ಯುವ ಶಾಖ.

ಸ್ಥಳ ದಾವಣಗೆರೆ ಎಂದಿಟ್ಟುಕೊಳ್ಳೋಣ, ಏಪ್ರಿಲ್ ಕೊನೆಯ ವಾರ. ಆಗ ಸೂರ್ಯ ಅಲ್ಲಿ ಹೆಚ್ಚುಕಡಿಮೆ ನೇರ ನೆತ್ತಿಯ ಮೇಲೆ ಬರುತ್ತಾನೆ, ಹಾಗಾಗಿ ಮಟ್ಟವಾಗಿಟ್ಟ ತಗಡಿಗೆ ಓರೆಕೋನದ ತಿದ್ದುಪಡಿ ಬೇಕಿಲ್ಲ. ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, 12:25ರ ಹೊತ್ತಿಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ದಾವಣಗೆರೆ ಅದಕ್ಕಿಂತ ಸಾಕಷ್ಟು ಪಶ್ಚಿಮಕ್ಕಿದೆ.

ತಿಳಿಯಾದ ದಿನ ನೆತ್ತಿಯ ಬಿಸಿಲು ಚದರ ಮೀಟರಿಗೆ 900ರಿಂದ 1000 ವಾಟ್. ನಾನು 950 ಹಿಡಿಯುತ್ತೇನೆ. ಮನೆಯಲ್ಲಿ ಹತ್ತಿಪ್ಪತ್ತು ವಾಟಿನ ಸೋಲಾರ್ ಪ್ಯಾನೆಲ್ ಇದ್ದರೆ ಅಂದಾಜಿನ ಹಂಗೂ ಬೇಡ. ಅದನ್ನು ತಗಡಿನ ಪಕ್ಕ ಮಟ್ಟವಾಗಿಟ್ಟು, ಮಲ್ಟಿಮೀಟರನ್ನು 10 ಆಂಪ್ ತೂತಿಗೆ ಹಾಕಿ ಎರಡು ವಯರುಗಳ ನಡುವೆ ನೇರ ಕರೆಂಟ್ ಅಳೆಯಿರಿ. ಪ್ಯಾನೆಲ್ ಬೆನ್ನ ಮೇಲೆ Isc ಎಂದು ಬರೆದಿರುವ ಅಂಕಿ 1000 ವಾಟ್ ಬಿಸಿಲಿನದು. ಅಳೆದದ್ದನ್ನು ಅದರಿಂದ ಭಾಗಿಸಿ 1000ದಿಂದ ಗುಣಿಸಿದರೆ ನಿಮ್ಮ ತಾರಸಿಯ G ಸಿಕ್ಕಿತು. ಪ್ಯಾನೆಲ್ ಮೇಲಿನ ಧೂಳು ಮೊದಲು ಒರೆಸಿ.

ಗಾಳಿಯ ಉಷ್ಣತೆ Ta ನೆರಳಲ್ಲಿ ಅಳೆದದ್ದು, 36 ಡಿಗ್ರಿ, ಅಂದರೆ 309 ಕೆಲ್ವಿನ್. ಆಕಾಶದ್ದು ಸ್ವಲ್ಪ ವಿಚಿತ್ರ. ಮೋಡವಿಲ್ಲದ ಆಕಾಶ ತಗಡಿನ ಕಣ್ಣಿಗೆ ಗಾಳಿಗಿಂತ ತಂಪಾದ ಸೂರಿನಂತೆ ಕಾಣುತ್ತದೆ. ಒಣಹವೆಯಲ್ಲಿ ಹದಿನೈದು ಇಪ್ಪತ್ತು ಡಿಗ್ರಿ ಕಡಿಮೆ ಹಿಡಿಯಬಹುದು. Ts = 290 ಕೆಲ್ವಿನ್ ಇರಲಿ. ಮೋಡ ಮುಚ್ಚಿದ್ದರೆ ಈ ಅಂತರ ಬಹುತೇಕ ಹೋಗಿಬಿಡುತ್ತದೆ.

h ಗಾಳಿಯ ಲೆಕ್ಕ. ಮೆಲ್ಲಗೆ ಬೀಸುತ್ತಿದ್ದರೆ ಡಿಗ್ರಿಗೆ, ಚದರ ಮೀಟರಿಗೆ 10 ವಾಟ್. ಒಣಹಾಕಿದ ಬಟ್ಟೆ ಚೆನ್ನಾಗಿ ಹಾರಾಡುವಷ್ಟಿದ್ದರೆ 20. ಇಡೀ ಲೆಕ್ಕದಲ್ಲಿ ನಂಬಿಕೆ ಕಡಿಮೆ ಇರುವ ಅಂಕಿ ಇದೊಂದೇ.

ಹಂತ 4: ಬಿಡಿಸುವುದು

ಕಪ್ಪು ತಗಡಿಗೆ α = 0.95, ε = 0.90. ಜಮೆ 0.95 × 950 = 902.5 ವಾಟ್. ಸಮೀಕರಣದಲ್ಲಿ T ಒಂದು ಕಡೆ ನಾಲ್ಕನೇ ಘಾತದಲ್ಲಿದೆ, ಇನ್ನೊಂದು ಕಡೆ ಹಾಗೇ ಇದೆ. ನೇರವಾಗಿ ಬಿಡಿಸಲು ಹೋಗಬೇಡಿ, ಊಹಿಸಿ ತಿದ್ದಿಕೊಳ್ಳಿ.

ಮೊದಲ ಊಹೆ 340 ಕೆಲ್ವಿನ್. ವಿಕಿರಣ 321 ವಾಟ್, ಗಾಳಿಗೆ 10 × 31 = 310 ವಾಟ್, ಒಟ್ಟು ಖರ್ಚು 631. ಜಮೆಗಿಂತ 271.5 ಕಡಿಮೆ, ಅಂದರೆ ತಗಡು ಇನ್ನೂ ಕಾಯಬೇಕು. ಎಷ್ಟು? ಒಂದು ಡಿಗ್ರಿ ಏರಿದರೆ ಖರ್ಚು ಎಷ್ಟು ಏರುತ್ತದೆ ಅನ್ನುವುದು 4εσT³ + h. ಇಲ್ಲಿ ಅದು 8 + 10 = 18. 271.5ನ್ನು 18ರಿಂದ ಭಾಗಿಸಿದರೆ 15. ಹಾಗಾಗಿ ಎರಡನೇ ಊಹೆ 355 ಕೆಲ್ವಿನ್. ಅಲ್ಲಿ ವಿಕಿರಣ 449.6, ಗಾಳಿಗೆ 460, ಒಟ್ಟು 909.6. ಏಳು ವಾಟ್ ಜಾಸ್ತಿಯಾಯಿತು. 19ರಿಂದ ಭಾಗಿಸಿ ಕಳೆದರೆ 354.6 ಕೆಲ್ವಿನ್. ಉತ್ತರ 82 ಡಿಗ್ರಿ. ಎರಡೇ ಹೆಜ್ಜೆಗೆ ಮುಗಿಯಿತು.

ಅಂಕಿ ಬದಲಿಸಿ ಮತ್ತೆ ಮತ್ತೆ ನೋಡಬೇಕೆನ್ನುವವರಿಗೆ ಪೈಥಾನ್‌ನಲ್ಲಿ ಐದು ಸಾಲು:

```
T = 340.0
for i in range(6):
    f = 0.95*950 - 0.90*5.67e-8*(T**4 - 290**4) - 10*(T - 309)
    T = T + f / (4*0.90*5.67e-8*T**3 + 10)
print(T - 273)
```

ಈಗ ಹೊಳೆಯುವ ತಗಡಿನ ಸರದಿ. ಹೊಸ ಜಿಐ ತಗಡಿಗೆ α = 0.65, ε = 0.13 ಹಿಡಿಯಿರಿ. ಹೀರುವುದು 617.5 ವಾಟ್, ಕಪ್ಪಿನ ಮೂರರಲ್ಲಿ ಎರಡು ಪಾಲು. ಅಷ್ಟಾಗಿಯೂ ಉತ್ತರ 363 ಕೆಲ್ವಿನ್, ಅಂದರೆ 90 ಡಿಗ್ರಿ. ಕಪ್ಪಿಗಿಂತ ಎಂಟು ಡಿಗ್ರಿ ಹೆಚ್ಚು.

ಖರ್ಚನ್ನು ಬಿಡಿಸಿ ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. 90 ಡಿಗ್ರಿಯಲ್ಲಿ ಈ ತಗಡು ವಿಕಿರಣದಿಂದ ಕಳೆದುಕೊಳ್ಳುವುದು ಬರೇ 76 ವಾಟ್. ಉಳಿದ 541 ವಾಟನ್ನು ಗಾಳಿಯೇ ಹೊರಬೇಕು, ಅದಕ್ಕೆ ತಗಡು ಗಾಳಿಗಿಂತ 54 ಡಿಗ್ರಿ ಮೇಲೆ ಏರಲೇಬೇಕು. ಕಪ್ಪು ತಗಡು ಹೀರುವುದೂ ಹೆಚ್ಚು, ಬಿಟ್ಟುಕೊಡುವುದೂ ಹೆಚ್ಚು. ಹೊಳೆಯುವ ತಗಡು ಸಾಕಷ್ಟು ಹೀರಿಕೊಂಡು ಮುಷ್ಟಿ ಬಿಗಿಹಿಡಿಯುತ್ತದೆ.

α ಬಿಸಿಲಿನ ಬೆಳಕಿಗೆ ಸಂಬಂಧಿಸಿದ್ದು. ε ತಗಡು ತಾನೇ ಹೊರಹಾಕುವ, ಕಣ್ಣಿಗೆ ಕಾಣದ ಉದ್ದ ತರಂಗಗಳಿಗೆ ಸಂಬಂಧಿಸಿದ್ದು. ಒಂದೇ ಮೇಲ್ಮೈಗೆ ಇವೆರಡು ಬೇರೆಬೇರೆ ಇರಬಹುದು, ಕಣ್ಣಿಗೆ ಕಾಣುವ ಬಣ್ಣ ε ಬಗ್ಗೆ ಏನೂ ಹೇಳುವುದಿಲ್ಲ. ಸುಣ್ಣ ಅಥವಾ ಬಿಳಿ ಬಣ್ಣವೇ ಇದಕ್ಕೆ ಸಾಕ್ಷಿ. ಅದರ ε ಕಪ್ಪಿನಷ್ಟೇ, 0.9. α ಮಾತ್ರ ಸ್ವಲ್ಪ ಧೂಳು ಕೂತ ಮೇಲೂ 0.25. ಈ ಅಂಕಿ ಹಾಕಿದರೆ ಬರುವುದು 44 ಡಿಗ್ರಿ. ತಗಡಿನ ಮಾಡಿಗೆ ಬಿಳಿ ಬಳಿಯಿರಿ ಅನ್ನುವವರು ಹೇಳುವುದು ಸರಿ. ಹೊಸ ತಗಡು ಹೊಳೆಯುತ್ತದಲ್ಲ, ಬಿಸಿಲನ್ನು ವಾಪಸ್ ಕಳಿಸುತ್ತದೆ ಬಿಡಿ ಅನ್ನುವವರ ಮಾತು ಅರ್ಧ ಸರಿ.

ಹಂತ 5: ಯಾವ ಅಂಕಿ ಎಷ್ಟು ಕೆಡಿಸುತ್ತದೆ

ಕಪ್ಪು ತಗಡಿನಲ್ಲಿ ಒಂದು ಡಿಗ್ರಿ ಅಂದರೆ 19 ವಾಟ್ ಎಂದು ಈಗಾಗಲೇ ಗೊತ್ತಾಗಿದೆ. ಇದೊಂದು ಅಂಕಿ ಜೇಬಿನಲ್ಲಿದ್ದರೆ ಎಲ್ಲ ಅನುಮಾನಗಳನ್ನೂ ತೂಗಬಹುದು. ಬಿಸಿಲನ್ನು 50 ವಾಟ್ ತಪ್ಪು ಹಿಡಿದಿದ್ದರೆ ಉತ್ತರ ಎರಡೂವರೆ ಡಿಗ್ರಿ ಅತ್ತಿತ್ತ. ಆಕಾಶವನ್ನು 290ರ ಬದಲು 280 ಎಂದಿದ್ದರೂ ಅಷ್ಟೇ. ಆದರೆ h 10ರಿಂದ 20ಕ್ಕೆ ಹೋದರೆ 82 ಇದ್ದದ್ದು 66ಕ್ಕೆ ಇಳಿಯುತ್ತದೆ. ಅಳತೆಯ ದಿನ ಗಾಳಿ ನೋಡಿಕೊಳ್ಳಿ, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ತಗಡು ಇಟ್ಟು ಅಳೆಯುವುದು

ಒಂದಡಿ ಚದರದ, ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಗೆ ಹೊಳಪಿಲ್ಲದ ಕಪ್ಪು ಸ್ಪ್ರೇ ಎರಡು ಕೋಟ್ ಕೊಡಿ. ಜೊತೆಗೆ ಅದೇ ಅಳತೆಯ ಹೊಸ ಜಿಐ ತಗಡು. ನಮ್ಮ ಲೆಕ್ಕದಲ್ಲಿ ಬೆನ್ನಿನಿಂದ ನಷ್ಟವಿಲ್ಲ ಎಂದು ಹಿಡಿದಿದ್ದೇವೆ, ಹಾಗಾಗಿ ಕೆಳಗೆ ದಪ್ಪ ಹಾಸು ಬೇಕು. ನಾನು ಮೊದಲ ಸಲ ತಗಡನ್ನು ನೇರ ಥರ್ಮೋಕೋಲ್ ಮೇಲೆ ಇಟ್ಟಿದ್ದೆ. ಸಂಜೆ ಎತ್ತಿ ನೋಡಿದರೆ ಥರ್ಮೋಕೋಲ್ ಕುಗ್ಗಿ, ತಗಡಿನ ಆಕಾರಕ್ಕೆ ಗುಂಡಿ ಬಿದ್ದಿತ್ತು. ಎಂಬತ್ತು ಡಿಗ್ರಿ ದಾಟುತ್ತದೆಂದು ಲೆಕ್ಕವೇ ಹೇಳಿದ್ದಾಗ ಅದನ್ನು ಇಟ್ಟಿದ್ದು ನನ್ನದೇ ತಪ್ಪು. ಗ್ಲಾಸ್‌ವೂಲ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮೇಲೆ ಐದಾರು ಪದರ ರಟ್ಟು, ಅದರ ಕೆಳಗೆ ಥರ್ಮೋಕೋಲ್.

ಪ್ಯಾರಾಪೆಟ್ ಗೋಡೆಯಿಂದ ದೂರ ಇಡಿ. ಬಿಸಿಲಿಗೆ ಕಾದ ಗೋಡೆ ಆಕಾಶದ ಒಂದು ಭಾಗವನ್ನು ಮರೆಮಾಡಿ, ತಂಪು ಸೂರಿನ ಜಾಗದಲ್ಲಿ ಬಿಸಿ ಸೂರು ಕೂರಿಸುತ್ತದೆ.

ಎಷ್ಟು ಹೊತ್ತು ಕಾಯಬೇಕು? ಈ ಅಲ್ಯೂಮಿನಿಯಂ ಹಾಳೆಯ ಒಂದು ಚದರ ಮೀಟರನ್ನು ಒಂದು ಡಿಗ್ರಿ ಏರಿಸಲು ಸುಮಾರು 3650 ಜೂಲ್ ಬೇಕು. 19ರಿಂದ ಭಾಗಿಸಿದರೆ 190 ಸೆಕೆಂಡ್, ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅದರ ಐದು ಪಟ್ಟು, ಅಂದರೆ ಕಾಲು ಗಂಟೆ ಬಿಟ್ಟರೆ ಹಾಳೆ ತನ್ನ ನೆಲೆಗೆ ಬಂದಿರುತ್ತದೆ. ಕೆಳಗಿನ ಹಾಸು ಇನ್ನೂ ನಿಧಾನ, ಅದಕ್ಕಾಗಿ ಅರ್ಧ ಗಂಟೆ ಕೊಡಿ. ಐದು ನಿಮಿಷದ ಅಂತರದಲ್ಲಿ ಎರಡು ಸಲ ಓದಿದಾಗ ಒಂದು ಡಿಗ್ರಿಗಿಂತ ಕಡಿಮೆ ಬದಲಾದರೆ ನಿಂತಿದೆ ಎಂದರ್ಥ. ಒಂದೇ ಓದಿಗೆ ತೃಪ್ತರಾಗಬೇಡಿ. ಒಂದು ಸುಳಿಗಾಳಿ ಬೀಸಿದರೆ ಐದು ಡಿಗ್ರಿ ಇಳಿದು, ಮತ್ತೆ ಏರುವುದನ್ನು ನೋಡುತ್ತೀರಿ.

ಥರ್ಮೋಕಪಲ್ ತಂತಿ ಬರುವ ಮಲ್ಟಿಮೀಟರ್ ಇದ್ದರೆ ಅದರ ತುದಿಯನ್ನು ಹಾಳೆಯ ಬೆನ್ನಿಗೆ ಒತ್ತಿ ಅಂಟಿಸಿ. ಮೇಲ್ಮುಖಕ್ಕೆ ಅಂಟಿಸಿದರೆ ಅದು ತಗಡಿನ ಜೊತೆಗೆ ಬಿಸಿಲನ್ನೂ ಅಳೆಯುತ್ತದೆ.

ಇನ್ಫ್ರಾರೆಡ್ ಗನ್ ಇದ್ದವರು ಇಲ್ಲೇ ಎಚ್ಚರವಾಗಿರಬೇಕು. ನನ್ನ ಗನ್ ಕಪ್ಪು ಹಾಳೆಯನ್ನು ಸರಿಯಾಗಿ ಓದಿತು. ಹೊಳೆಯುವ ತಗಡಿಗೆ ಹಿಡಿದರೆ 31 ಡಿಗ್ರಿ ತೋರಿಸಿತು, ಸುತ್ತಲಿನ ಗಾಳಿಗಿಂತ ತಂಪು! ಬೆರಳು ಚುರ್ ಅಂದದ್ದು ಆ ಅಂಕಿ ನಂಬಿ ಮುಟ್ಟಿದಾಗಲೇ. ಗನ್ ಉಷ್ಣತೆಯನ್ನು ಅಳೆಯುವುದಿಲ್ಲ, ಬರುವ ವಿಕಿರಣವನ್ನು ಅಳೆದು, ε 0.95 ಎಂದು ತಾನೇ ಅಂದುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತದೆ. ε 0.13 ಇರುವ ತಗಡಿನಿಂದ ಅದರ ಕಣ್ಣಿಗೆ ಬೀಳುವುದರಲ್ಲಿ ತಗಡಿನ ಸ್ವಂತದ್ದು ಅಲ್ಪ, ಉಳಿದದ್ದೆಲ್ಲ ಪ್ರತಿಫಲಿಸಿದ ತಂಪು ಆಕಾಶ. ಪರಿಹಾರ ತೀರಾ ಅಗ್ಗದ್ದು: ಎಲೆಕ್ಟ್ರಿಷಿಯನ್‌ಗಳು ಬಳಸುವ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಸಣ್ಣ ತುಂಡನ್ನು ತಗಡಿಗೆ ಗುಳ್ಳೆ ಬಾರದಂತೆ ಒತ್ತಿ ಅಂಟಿಸಿ, ಎರಡು ನಿಮಿಷ ಬಿಟ್ಟು, ಗನ್ನನ್ನು ಹತ್ತಿರ ತಂದು ಟೇಪನ್ನೇ ಓದಿ. ದೂರದಿಂದ ಹಿಡಿದರೆ ಗನ್ನಿನ ನೋಟ ಟೇಪಿಗಿಂತ ಅಗಲವಾಗಿ ಪಕ್ಕದ ಹೊಳಪೂ ಸೇರಿಕೊಳ್ಳುತ್ತದೆ.

ಲೆಕ್ಕಕ್ಕೂ ಅಳತೆಗೂ ಐದು ಡಿಗ್ರಿಯೊಳಗೆ ಕೂಡಿಬಂದರೆ ಚೆನ್ನಾಗಿ ಬಂತು ಅನ್ನಬೇಕು. ಎರಡೂ ತಗಡು ಲೆಕ್ಕಕ್ಕಿಂತ ಹತ್ತು ಡಿಗ್ರಿ ತಂಪಾಗಿದ್ದರೆ ಗಾಳಿ ಜೋರಿತ್ತು, ಇಲ್ಲವೇ ಬೆನ್ನಿನಿಂದ ಶಾಖ ಸೋರುತ್ತಿದೆ. ತಾರಸಿಯ ಗಾರೆಯನ್ನು ಹಾಸಿನ ಅಡಿ ಮುಟ್ಟಿ ನೋಡಿ. ಹೊಳೆಯುವ ತಗಡು ಮಾತ್ರ ತಂಪಾಗಿದ್ದರೆ ನೀವು ತಂದ ತಗಡಿನ ε ನನ್ನ ಅಂಕಿಗಿಂತ ಹೆಚ್ಚಿದೆ. ಮಳೆ ಕಂಡು ಮಬ್ಬಾದ ಹಳೇ ತಗಡಿನಲ್ಲಿ α, ε ಎರಡೂ ಏರಿರುತ್ತವೆ, ಹೊಸತರ ಅಂಕಿಯನ್ನು ಅದಕ್ಕೆ ಹಾಕಬಾರದು.

ಹಂತ 7: ತಗಡನ್ನು ರಾತ್ರಿಗೂ ಅಲ್ಲೇ ಬಿಡುವುದು

ಅದೇ ಸಮೀಕರಣದಲ್ಲಿ G ಸೊನ್ನೆ ಮಾಡಿ. ಗಾಳಿ 25 ಡಿಗ್ರಿ, ತಿಳಿಯಾದ ಆಕಾಶ 280 ಕೆಲ್ವಿನ್, h = 10. ಕಪ್ಪು ಹಾಳೆ ಈಗ ಗಾಳಿಗಿಂತ ಸುಮಾರು ಆರು ಡಿಗ್ರಿ ತಂಪಾಗಿ 19ಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಬಿಳಿ ಬಳಿದ ಹಾಳೆಯನ್ನೂ ಇಟ್ಟಿದ್ದರೆ, ಹಗಲಿನ ಲೆಕ್ಕದಲ್ಲಿ ಕಪ್ಪಿಗಿಂತ 38 ಡಿಗ್ರಿ ತಂಪಾಗಿದ್ದ ಅದೂ ಅಷ್ಟೇ, 19. ರಾತ್ರಿ α ಲೆಕ್ಕಕ್ಕೇ ಇಲ್ಲ, ಎರಡರ ε ಒಂದೇ. ಹೊಳೆಯುವ ತಗಡು ಒಂದೇ ಡಿಗ್ರಿಯಷ್ಟು ಇಳಿದು 24ರಲ್ಲೇ ನಿಂತಿರುತ್ತದೆ. ಇದನ್ನು ನೋಡಲು ಥರ್ಮಾಮೀಟರೂ ಬೇಡ. ಗಾಳಿಯಲ್ಲಿ ತೇವ ಇರುವ ತಿಂಗಳಲ್ಲಿ, ಬೆಳಗಿನ ಜಾವ ಟಾರ್ಚ್ ಹಿಡಿದು ತಾರಸಿಗೆ ಹೋದರೆ ಬಣ್ಣ ಬಳಿದ ಎರಡೂ ಹಾಳೆಗಳ ಮೇಲೆ ಇಬ್ಬನಿ ಕೂತಿರುತ್ತದೆ, ಪಕ್ಕದ ಜಿಐ ತಗಡು ಒಣಗಿಯೇ ಇರುತ್ತದೆ.